ಅರ್ಧಕ್ಕೆ ನಿಂತ ಭಾಮಿನಿ: ನೋಟುಬುಕ್ಕಿನ ಫೋಟೋ ನೋಡಿ ಪದ್ಯ ಪೂರ್ತಿ ಮಾಡುವ ಬಗೆ

ಮುಂಬಯಿಯ ಕನ್ನಡ ಮನೆಗಳ ಹಳೆಯ ಟ್ರಂಕುಗಳಲ್ಲಿ ಪದ್ಯ ಬರೆದ ನೋಟುಬುಕ್ಕು ಸಿಗುವುದು ಅಪರೂಪವಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡದ ರಾತ್ರಿಶಾಲೆಯಲ್ಲಿ ಕಲಿತ ತಲೆಮಾರಿನವರು ಬರೆದವು ಅವು. ಕರಾವಳಿಯವರ ಕಿವಿಯಲ್ಲಿ ಯಕ್ಷಗಾನದ ಪದ ತುಂಬಿರುತ್ತಿತ್ತು. ಹಾಗಾಗಿ ಅವರು ಬರೆಯಲು ಕೂತಾಗ ಕೈಗೆ ತಾನಾಗಿ ಬರುತ್ತಿದ್ದುದು ಷಟ್ಪದಿ, ಅದರಲ್ಲೂ ಭಾಮಿನಿ. ಅಂಥ ಒಂದು ಪುಟ ಅರ್ಧಕ್ಕೆ ನಿಂತಿದ್ದರೆ ಅದನ್ನು ಅದೇ ಲಯದಲ್ಲಿ, ಅದೇ ಪ್ರಾಸದಲ್ಲಿ ಮುಂದುವರಿಸುವುದು ಹೇಗೆ ಎಂಬುದನ್ನು ಒಂದೇ ಪುಟವನ್ನು ಹಿಡಿದು ಇಲ್ಲಿ ಹೇಳುತ್ತೇನೆ.

ಪುಟ ಡೊಂಬಿವಲಿಯ ಒಂದು ಮನೆಯದು. ಮನೆತನ ಕುಂದಾಪುರದ ಕಡೆಯದು. ಬರೆದವರು ಈಗಿಲ್ಲ. ಅವರ ಮೊಮ್ಮಗ ಅದರ ಫೋಟೋ ತೆಗೆದು ನನಗೆ ಕಳಿಸಿದರು. ಪೆನ್ಸಿಲಿನಲ್ಲಿ ಬರೆದದ್ದು, ಗೀಟು ಹಾಳೆ, ಅಲ್ಲಲ್ಲಿ ಮಳೆಗಾಲದ ತೇವಕ್ಕೆ ಮೂಡಿದ ಕಂದು ಚುಕ್ಕೆಗಳು.

ಫೋಟೋ ಸರಿಯಾಗಿ ತೆಗೆಯಿರಿ

ಫೋಟೋ ಸರಿಯಿಲ್ಲದಿದ್ದರೆ ಮಾತ್ರೆಗಳ ಲೆಕ್ಕವೇ ತಪ್ಪುತ್ತದೆ, ಆದ್ದರಿಂದ ಇದನ್ನು ಹಗುರವಾಗಿ ನೋಡಬೇಡಿ. ಕನ್ನಡದಲ್ಲಿ ಒಂದು ಸೊನ್ನೆ ಬಿದ್ದುಹೋದರೆ ಒಂದು ಮಾತ್ರೆ ಹೋಗುತ್ತದೆ. ಕಾಗದದ ಕಂದು ಚುಕ್ಕೆಯೊಂದನ್ನು ಸೊನ್ನೆ ಎಂದು ಓದಿದರೆ ಒಂದು ಮಾತ್ರೆ ಸೇರಿಕೊಳ್ಳುತ್ತದೆ. ದೀರ್ಘದ ಕೊಂಡಿಯದೂ, ಒತ್ತಕ್ಷರದ್ದೂ ಇದೇ ಕಥೆ.

ಹಗಲಿನಲ್ಲಿ ಕಿಟಕಿಯ ಪಕ್ಕ ಪುಟವನ್ನು ಚಪ್ಪಟೆಯಾಗಿ ಹಾಸಿ, ಫೋನನ್ನು ನೇರ ಮೇಲಿಂದ ಹಿಡಿಯಿರಿ. ಫ್ಲ್ಯಾಶ್ ಬೇಡ, ಪೆನ್ಸಿಲಿನ ಬರಹ ಅದಕ್ಕೆ ಹೊಳೆದು ಮಾಯವಾಗುತ್ತದೆ. ಇಡೀ ಪುಟದ್ದು ಒಂದು ಫೋಟೋ, ಆಮೇಲೆ ಮಸುಕಾದ ಒಂದೊಂದು ಜಾಗದ್ದೂ ಹತ್ತಿರದಿಂದ ಒಂದೊಂದು. ಮಸುಕು ಜಾಗಕ್ಕೆ ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ. ಪೆನ್ಸಿಲಿನ ಕಪ್ಪು ಅಳಿಸಿದ್ದರೂ ಮೊನೆ ಒತ್ತಿದ ಗೆರೆ ಕಾಗದದಲ್ಲಿ ಉಳಿದಿರುತ್ತದೆ, ಓರೆ ಬೆಳಕಿಗೆ ಅದು ನೆರಳಾಗಿ ಕಾಣುತ್ತದೆ. ಸ್ಕ್ಯಾನ್ ಆ್ಯಪಿನ ಕಪ್ಪು-ಬಿಳುಪು ಫಿಲ್ಟರನ್ನು ಮಾತ್ರ ಬಳಸಬೇಡಿ. ಅದು ತೆಳು ಗೆರೆಯನ್ನು ಒರೆಸಿ, ಕಲೆಯನ್ನು ದಪ್ಪ ಮಾಡುತ್ತದೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಚಿತ್ರ ಕುಗ್ಗುವುದಿಲ್ಲ.

ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿ

ಈಗ ಪುಟವನ್ನು ಕೈಯಲ್ಲಿ ನಕಲು ಮಾಡಿ. ಗೆರೆ ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಿರಿ, ಹೊಡೆದು ಹಾಕಿದ ಪದವನ್ನೂ ಬರೆದುಕೊಳ್ಳಿ, ಓದಲಾಗದ ಅಕ್ಷರಕ್ಕೆ ಚೌಕ ಹಾಕಿ. ಆ ಪುಟದಲ್ಲಿ ಇದ್ದದ್ದು ಇಷ್ಟು:

ಪಡುವ ಕಡಲಿನ ತಡಿಯ ನಗರಕೆ
ಹಡಗನೇರುತ ಬಂದ ಹುಡುಗನು
ಅಡಿಗೆಮನೆಯಲಿ ಹಗಲು ದುಡಿದನು
ಇರುಳೊಳೋದಿದನು
ಬಿಡುವು ದೊರೆತರೆ ದಡಕೆ ಬರುವನು
ನಡೆದು ಮರಳಲಿ ಕುಳಿತು ನೋಡುವ
ಎಡದ ದಿಕ್ಕಿನೊಳೆಲ್ಲೊ ದೂರದ
ಲೂರು ಕಾದಿಹುದು

ಒಂದು ಸಂಜೆಯ ಮಳೆಗೆ ನೆನೆಯುತ
ಬಂದುದಂಚೆಯ ಪುಟ್ಟ ಕಾಗದ
ತಂದೆ ಬರೆ□ದ ನಾಲ್ಕು ಸಾಲಿನ

ಅಲ್ಲಿಗೆ ನಿಂತಿದೆ. ಎರಡನೆಯ ಪದ್ಯದ ಮೊದಲ ಸಾಲಿನಲ್ಲಿ ‘ಮಳೆಗೆ’ ಎಂಬುದರ ಮೊದಲು ‘ಮಳೆಯಲಿ’ ಎಂದು ಬರೆದು ಹೊಡೆದು ಹಾಕಿದ್ದಾರೆ.

ನಕಲು ಮಾಡುವಾಗ ಕೈ ತಾನಾಗಿ ‘ತಿದ್ದಲು’ ಹೋಗುತ್ತದೆ. ‘ನಗರಕೆ’ ಎಂದಿರುವುದನ್ನು ‘ನಗರಕ್ಕೆ’ ಎಂದು ಬರೆಯುತ್ತೇವೆ, ‘ಮರಳಲಿ’ ‘ಮರಳಲ್ಲಿ’ ಆಗುತ್ತದೆ. ಹಾಗೆ ಮಾಡಿದ ಕೂಡಲೇ ಪ್ರತಿ ಕಡೆಯೂ ಒಂದು ಮಾತ್ರೆ ಹೆಚ್ಚಾಗಿ ಲಯ ಕೆಡುತ್ತದೆ. ‘ಎಲ್ಲೊ’ ಎಂಬಲ್ಲಿ ಕೊನೆಯ ಅಕ್ಷರಕ್ಕೆ ದೀರ್ಘ ಇಲ್ಲ, ಅದು ಮರೆವಲ್ಲ, ಬೇಕೆಂದೇ ಬಿಟ್ಟದ್ದು. ಹೇಗೆ ಗೊತ್ತು ಎಂಬುದು ಎಣಿಕೆ ಮಾಡಿದಾಗ ತಿಳಿಯುತ್ತದೆ.

ಮಾತ್ರೆ ಎಣಿಸಿ, ಸಾಲು ಎಲ್ಲಿ ಮುಗಿಯುತ್ತದೆ ಕಂಡುಕೊಳ್ಳಿ

ಎಣಿಕೆಯ ನಿಯಮ ಶಾಲೆಯಲ್ಲಿ ಕಲಿತದ್ದೇ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘ, ಸೊನ್ನೆ ಅಥವಾ ವಿಸರ್ಗ ಇರುವ ಅಕ್ಷರ, ಐ ಮತ್ತು ಔ, ಒತ್ತಕ್ಷರದ ಹಿಂದಿನ ಅಕ್ಷರ, ವ್ಯಂಜನದಲ್ಲಿ ನಿಲ್ಲುವ ಅಕ್ಷರ ಇವೆಲ್ಲ ಗುರು, ಎರಡು ಮಾತ್ರೆ. ಒತ್ತು ಇರುವ ಅಕ್ಷರಕ್ಕಲ್ಲ, ಅದರ ಹಿಂದಿನದಕ್ಕೆ ಗುರು ಬರುತ್ತದೆ ಎಂಬುದನ್ನು ಮರೆಯದಿದ್ದರೆ ಸಾಕು.

ಎರಡನೆಯ ಸಾಲನ್ನು ಎಣಿಸೋಣ:

ಹ1 ಡ1 ಗ1 | ನೇ2 ರು1 ತ1 | ಬಂ2 ದ1 | ಹು1 ಡು1 ಗ1 ನು1

ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗುಂಪುಗಳು, ಅಂದರೆ ಗಣಗಳು, ಒಟ್ಟು 14. ಮೊದಲ ಸಾಲೂ ಹೀಗೆಯೇ, 14. ‘ತಕಿಟ ತಕಧಿಮಿ ತಕಿಟ ತಕಧಿಮಿ’ ಎಂದು ಬಾಯಲ್ಲಿ ಹೇಳುತ್ತ ಓದಿದರೆ ಪದಗಳು ಒಂದಕ್ಕೊಂದು ಕೂತುಬಿಡುತ್ತವೆ.

ಹಾಳೆಯ ಗೆರೆಗಳನ್ನು ಒಂದೊಂದಾಗಿ ಎಣಿಸುತ್ತ ಹೋದರೆ ಮೊದಲ ಪದ್ಯದಲ್ಲಿ ಎಂಟು ಗೆರೆ ಸಿಗುತ್ತವೆ: 14, 14, 14, 9, ಮತ್ತೆ 14, 14, 14, 9. ಇದನ್ನು ನೋಡಿ ‘ಎಂಟು ಸಾಲಿನ ಪದ್ಯ’ ಎಂದು ತೀರ್ಮಾನಿಸಿದರೆ ಕೆಲಸ ಅಲ್ಲೇ ದಾರಿ ತಪ್ಪುತ್ತದೆ. ಷಟ್ಪದಿಯ ಆದಿಪ್ರಾಸವೆಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು, ಆದ್ದರಿಂದ ಗೆರೆಗಳ ಎರಡನೆಯ ಅಕ್ಷರ ನೋಡಿ. ಪಡುವ, ಹಡಗ, ಅಡಿಗೆ, ಬಿಡುವು, ನಡೆದು, ಎಡದ. ಆರೂ ಕಡೆ ಎರಡನೆಯ ಅಕ್ಷರ ‘ಡ’ಕಾರ. ‘ಇರುಳೊಳೋದಿದನು’ ಎಂಬಲ್ಲಿ ‘ರು’ ಇದೆ, ‘ಲೂರು’ ಎಂಬಲ್ಲಿಯೂ ‘ರು’. ಅಂದರೆ ಈ ಎರಡು ಗೆರೆಗಳು ಬೇರೆ ಸಾಲುಗಳಲ್ಲ. ಹಾಳೆಯ ಅಗಲ ಸಾಲದೆ ಹಿಂದಿನ ಸಾಲಿನ ಬಾಲ ಕೆಳಗಿಳಿದಿದೆ. ‘ದೂರದಲೂರು’ ಎಂಬ ಪದ ನಡುವೆ ಮುರಿದಿರುವುದೂ ಅದನ್ನೇ ಹೇಳುತ್ತದೆ.

ಬಾಲವನ್ನು ಮೇಲಿನ ಸಾಲಿಗೆ ಸೇರಿಸಿ ಎಣಿಸಿ:

ಎ1 ಡ1 ದ1 | ದಿ2 ಕ್ಕಿ1 ನೊ1 | ಳೆ2 ಲ್ಲೊ1 | ದೂ2 ರ1 ದ1 | ಲೂ2 ರು1 | ಕಾ2 ದಿ1 ಹು1 | ದು2

ಕೊನೆಯ ‘ದು’ ಲಘುವೇ, ಆದರೆ ಸಾಲಿನ ತುದಿಯಲ್ಲಿ ಎಳೆದು ನಿಲ್ಲಿಸುವುದರಿಂದ ಗುರುವೆಂದು ಲೆಕ್ಕ. ಒಟ್ಟು 23. ಇಲ್ಲಿ ‘ಎಲ್ಲೋ’ ಎಂದು ದೀರ್ಘ ಕೊಟ್ಟು ನೋಡಿ, ಮೂರನೆಯ ಗಣ ನಾಲ್ಕು ಮಾತ್ರೆಗೆ ಹೋಗುತ್ತದೆ. ಅವರು ದೀರ್ಘ ಬಿಟ್ಟದ್ದು ಯಾಕೆಂಬುದಕ್ಕೆ ಇದೇ ಉತ್ತರ.

ಈಗ ಲೆಕ್ಕ ಸ್ಪಷ್ಟ: 14, 14, 23, 14, 14, 23. ಆರು ಸಾಲು, ಮೂರು-ನಾಲ್ಕರ ಗಣ, ಮೂರನೆಯ ಮತ್ತು ಆರನೆಯ ಸಾಲು ಒಂದೂವರೆ ಪಟ್ಟು ಉದ್ದ, ಕೊನೆಗೊಂದು ಗುರು. ಇದು ಭಾಮಿನಿ ಷಟ್ಪದಿ. ಕುಮಾರವ್ಯಾಸ ಭಾರತ ಪೂರ್ತಿ ಹರಿಯುವುದು ಈ ಲಯದಲ್ಲೇ. ನಿಮ್ಮ ಪುಟದ ಮೊದಲ ಸಾಲು 14ರ ಬದಲು 20 ಬಂದು ಐದೈದರ ಗಣವಾಗಿ ಮುರಿದರೆ ಅದು ವಾರ್ಧಕ. 16 ಬಂದು ನಾಲ್ಕುನಾಲ್ಕಾಗಿ ಮುರಿದರೆ ಪರಿವರ್ಧಿನಿ. 12 ಬಂದು ಮೂರುಮೂರಾದರೆ ಭೋಗ. ಯಾವುದೇ ಆಗಲಿ, ಮುಂದಿನ ಕೆಲಸದ ಬಗೆ ಒಂದೇ.

ಹೊಡೆದು ಹಾಕಿದ ‘ಮಳೆಯಲಿ’ ನಮಗೆ ಇನ್ನೊಂದು ವಿಷಯ ಹೇಳುತ್ತದೆ. ‘ಒಂದು ಸಂಜೆಯ ಮಳೆಯಲಿ ನೆನೆಯುತ’ ಎಂದರೆ 15 ಮಾತ್ರೆ. ಅವರು ಅದನ್ನು ‘ಮಳೆಗೆ’ ಎಂದು ಮಾಡಿ 14ಕ್ಕೆ ತಂದರು. ಅಂದರೆ ಇವರು ಕಿವಿಯ ಅಂದಾಜಿಗೆ ಬಿಟ್ಟವರಲ್ಲ, ಎಣಿಸಿ ತಿದ್ದಿದವರು. ನಾವೂ ಒಂದು ಮಾತ್ರೆಯನ್ನೂ ಸಡಿಲ ಬಿಡುವಂತಿಲ್ಲ.

ಮಸುಕಾದ ಅಕ್ಷರವನ್ನು ಛಂದಸ್ಸಿನಿಂದ ಓದಿ

‘ತಂದೆ ಬರೆ□ದ’. ಮೊಮ್ಮಗ ಇದನ್ನು ‘ತಂದೆ ಬರೆದ’ ಎಂದೇ ಓದಿಕೊಂಡಿದ್ದರು. ನಡುವಿನ ಕಲೆಯನ್ನು ಬರೀ ಕಲೆ ಎಂದು ಬಿಟ್ಟಿದ್ದರು. ಎಣಿಸಿದರೆ ‘ತಂದೆ’ 3, ‘ಬರೆದ’ 3. ಎರಡನೆಯ ಗಣಕ್ಕೆ ನಾಲ್ಕು ಬೇಕು, ಆದ್ದರಿಂದ ಕಲೆಯ ಕೆಳಗೆ ಒಂದು ಲಘು ಇರಲೇಬೇಕು. ಯಾವುದು? ‘ಬರೆಯದ’ ಲೆಕ್ಕಕ್ಕೆ ಸರಿ ಹೋಗುತ್ತದೆ, ಅರ್ಥಕ್ಕೆ ಇಲ್ಲ. ಬಂದ ಕಾಗದ ‘ಬರೆಯದ’ ಸಾಲಿನದಾಗುವುದು ಹೇಗೆ? ‘ಬರೆಸಿದ’ ಎರಡಕ್ಕೂ ಸರಿ. ಓರೆ ಬೆಳಕಿನಲ್ಲಿ ತೆಗೆದ ಹತ್ತಿರದ ಫೋಟೋದಲ್ಲಿ ಕಲೆಯ ಮೇಲ್ತುದಿಗೆ ಗುಡಿಸಿನ ಸಣ್ಣ ಸುತ್ತು ಕಂಡಿತು. ಅದು ‘ಸಿ’.

ಈ ಒಂದು ಅಕ್ಷರದಿಂದ ಪದ್ಯದ ಅರ್ಥವೇ ಬದಲಾಗುತ್ತದೆ. ತಂದೆ ಬರೆದದ್ದಲ್ಲ, ಬರೆಸಿದ್ದು. ಇಂಥ ಕಡೆ ಮನೆಯವರನ್ನು ಕೇಳದೆ ಮುಂದೆ ಹೋಗಬೇಡಿ. ಮೊಮ್ಮಗ ಊರಿನಲ್ಲಿರುವ ಅತ್ತೆಗೆ ಫೋನ್ ಮಾಡಿದರು. “ಹೌದು ಮಗಾ, ಅಜ್ಜಯ್ಯನ ಅಪ್ಪಯ್ಯನಿಗೆ ಓದು ಬರಹ ಎಲ್ಲಿತ್ತು? ಕಾಗದ ಇದ್ದರೆ ಶಾಲೆ ಮಾಷ್ಟ್ರ ಹತ್ರ ಬರೆಸುದು, ಕೆಳಗೆ ಹೆಬ್ಬೆಟ್ಟು ಒತ್ತುದು” ಎಂದರಂತೆ ಅವರು. ನಾವು ಮುಂದೆ ಬರೆಯಬೇಕಾದ್ದರ ಅರ್ಧ ಆ ಮಾತಿನಲ್ಲೇ ಸಿಕ್ಕಿತು.

ಎಲ್ಲಿಂದ ಶುರು ಮಾಡಬೇಕು

ಕೊನೆಯ ಗೆರೆ, ‘ತಂದೆ ಬರೆಸಿದ ನಾಲ್ಕು ಸಾಲಿನ’, ಸರಿಯಾಗಿ 14 ಮಾತ್ರೆಗೆ ನಿಂತಿದೆ. ನೋಡಿದರೆ ಪೂರ್ತಿಯಾದ ಸಾಲಿನಂತೆಯೇ ಕಾಣುತ್ತದೆ. ಮೊಮ್ಮಗ ಮೊದಲು ಬರೆಯಲು ಹೊರಟದ್ದು ಅದರ ಮುಂದಿನ, ಅಂದರೆ ನಾಲ್ಕನೆಯ ಸಾಲನ್ನು. ಆದರೆ ಇದು ಪದ್ಯದ ಮೂರನೆಯ ಸಾಲು. ಭಾಮಿನಿಯಲ್ಲಿ ಅದಕ್ಕೆ 23 ಬೇಕು. ಇನ್ನೂ ಒಂಬತ್ತು ಮಾತ್ರೆ ಬಾಕಿ ಇದೆ: ಮೂರು, ನಾಲ್ಕು, ಒಂದು ಗುರು. ‘ಸಾಲಿನ’ ಎಂಬ ಷಷ್ಠಿ ವಿಭಕ್ತಿಯೂ ಮುಂದೆ ಏನೋ ಬರಬೇಕೆಂದು ಕಾಯುತ್ತಿದೆ. ಹಾಗಾಗಿ ನಮ್ಮ ಕೆಲಸ ಮೂರು ಸಾಲಲ್ಲ, ಮೂರು ಸಾಲು ಮತ್ತು ಒಂದು ಬಾಲ. ಬಾಲದಲ್ಲಿ ಪ್ರಾಸದ ಕಟ್ಟು ಇಲ್ಲ, ಆದರೆ ಸಾಲಿನ ಅರ್ಥ ಅಲ್ಲಿ ಒಂದು ನಿಲುಗಡೆಗೆ ಬರಬೇಕು. ಮೊದಲ ಪದ್ಯದಲ್ಲಿ ‘ಇರುಳೊಳೋದಿದನು’ ಎಂದು ನಿಂತ ಹಾಗೆ.

ಬರೆಯುವ ಮೊದಲು ಅಜ್ಜನ ರೀತಿಯನ್ನು ಒಂದಿಷ್ಟು ಗುರುತು ಹಾಕಿಕೊಳ್ಳಿ. ಮೊದಲ ಪದ್ಯದ ಮೇಲಿನ ಮೂರು ಸಾಲಿನಲ್ಲಿ ನಡೆದ ಸಂಗತಿ ಇದೆ. ಕೆಳಗಿನ ಮೂರರಲ್ಲಿ ಹುಡುಗ ಒಬ್ಬನೇ ಇದ್ದಾಗ ಏನು ಮಾಡುತ್ತಾನೆ ಎಂಬುದು. ಗಿರ್ಗಾಂವ್ ಚೌಪಾಟಿಯಲ್ಲಿ ಮುಳುಗುವ ಸೂರ್ಯನ ಕಡೆ ಮುಖ ಮಾಡಿ ಕೂತರೆ ತೆಂಕು ಎಡಕ್ಕೆ ಬರುತ್ತದೆ, ಊರು ಇರುವುದು ಆ ಕಡೆಗೆ. ದುಃಖ ಎಂಬ ಪದವನ್ನೇ ಬಳಸದೆ ಎಡಕ್ಕೆ ನೋಡಿದ ಎಂದಷ್ಟೇ ಹೇಳಿದ್ದಾರೆ. ನಾವೂ ಕಣ್ಣೀರು, ಕಂಬನಿ ತರಬಾರದು. ಮಾಡಿದ ಕೆಲಸವೊಂದನ್ನು ತೋರಿಸಬೇಕು. ಪದಗಳು ಸರಳ: ಕಾಗದ, ತಂದೆ, ದಡ. ಪತ್ರ, ಜನಕ, ತೀರ ಇಲ್ಲ. ಸಪ್ತಮಿಗೆ ‘-ಅಲಿ’, ‘-ಒಳು’, ಚತುರ್ಥಿಗೆ ‘-ಕೆ’. ‘ದುಡಿದನು ಇರುಳೊಳು’ ಎಂಬಲ್ಲಿ ಸಂಧಿ ಮಾಡದೆ ಸ್ವರವನ್ನು ಹಾಗೇ ಬಿಟ್ಟಿದ್ದಾರೆ, ಆದ್ದರಿಂದ ನಮಗೂ ಒಂದು ಕಡೆ ಆ ಸ್ವಾತಂತ್ರ್ಯ ಉಂಟು. ಸಾಲಿನ ತುದಿಯಲ್ಲಿ ಅವರು ಪದವನ್ನು ಮುರಿದು ಮುಂದಿನ ಸಾಲಿಗೆ ದಾಟಿಸಿಲ್ಲ. ಷಟ್ಪದಿಯಲ್ಲಿ ಹಾಗೆ ದಾಟಿಸುವ ರೂಢಿ ಇದ್ದರೂ ಇಲ್ಲಿ ಬೇಡ. ಅಂತ್ಯಪ್ರಾಸವನ್ನೂ ಅವರು ಹುಡುಕಿಲ್ಲ. ಈಗಿನ ಕಿವಿಗೆ ಹಿತವೆಂದು ಅದನ್ನು ತುರುಕಿದರೆ ಹೊಸಬರ ಕೈ ಎದ್ದು ಕಾಣುತ್ತದೆ.

ಪ್ರಾಸದ ಪಟ್ಟಿ

ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯಲ್ಲಿ ಆದಿಪ್ರಾಸಕ್ಕೆ ಆರು ಹೆಸರುಗಳಿವೆ. ನಮಗೆ ಬೇಕಾದವು ಎರಡು. ಮೊದಲ ಅಕ್ಷರ ಬರೀ ಹ್ರಸ್ವವಾಗಿದ್ದರೆ ಸಿಂಹಪ್ರಾಸ. ಪಡುವ, ಹಡಗ ಇದ್ದದ್ದು ಹಾಗೆ. ಮೊದಲ ಅಕ್ಷರಕ್ಕೆ ಸೊನ್ನೆ ಇದ್ದರೆ ವೃಷಭಪ್ರಾಸ. ಎರಡನೆಯ ಪದ್ಯದ ಒಂದು, ಬಂದು, ತಂದೆ ಈ ಬಗೆಯವು. ಒಂದು ಪದ್ಯದಲ್ಲಿ ಶುರು ಮಾಡಿದ ಪ್ರಾಸ ಆರನೆಯ ಸಾಲಿನವರೆಗೆ ಬದಲಾಗುವಂತಿಲ್ಲ. ಪದ್ಯ ಮುಗಿದ ಮೇಲೆ ಬೇರೆ ಹಿಡಿಯಬಹುದು, ಅಜ್ಜ ಹಿಡಿದ ಹಾಗೆ.

ಆದ್ದರಿಂದ ನಮ್ಮ ಮೂರು ಸಾಲುಗಳೂ ‘ಸೊನ್ನೆ, ಆಮೇಲೆ ದಕಾರ’ ಎಂದು ಶುರುವಾಗಬೇಕು. ದಕಾರದ ಮೇಲಿನ ಸ್ವರ ಏನಾದರೂ ಇರಲಿ: ದ, ದಿ, ದು, ದೆ. ಸೊನ್ನೆಯಿಲ್ಲದ ‘ಎದುರು’ ಆಗದು. ಸೊನ್ನೆಯಿದ್ದೂ ದಕಾರವಿಲ್ಲದ ‘ಮಂಜು’, ‘ಕಂಡು’ ಆಗದು. ‘ಬಂಧು’, ‘ಗಂಧ’ ಕಿವಿಗೆ ಹತ್ತಿರವಾದರೂ ಧಕಾರ ಬೇರೆ ಅಕ್ಷರ, ಬಿಡುವುದೇ ಲೇಸು.

ಅರ್ಥ ಯೋಚಿಸುವ ಮೊದಲೇ ಪಟ್ಟಿ ಮಾಡಿಕೊಳ್ಳಿ. ಅ ಆ ಇ ಈ, ಕ ಖ ಗ ಎಂದು ವರ್ಣಮಾಲೆ ಹಿಡಿದು ಹೋದರೆ ಯಾವುದೂ ತಪ್ಪಿಹೋಗುವುದಿಲ್ಲ: ಅಂದು, ಇಂದು, ಎಂದು, ಕಂದ, ಕುಂದು, ಚಂದ, ನೊಂದು, ಮಂದ, ಮಿಂದು, ಮುಂದೆ, ಸಂದು, ಹಿಂದೆ, ಹೊಂದಿ. ಅಜ್ಜ ಈಗಾಗಲೇ ಸಾಲಿನ ಮೊದಲಿಗೆ ಇಟ್ಟ ಒಂದು, ಬಂದು, ತಂದೆಗಳನ್ನು ಹೊಡೆದು ಹಾಕಿ. ಉಳಿದವುಗಳಲ್ಲಿ ವಾಕ್ಯವನ್ನು ಮುಗಿಸಲು ನೆರವಾಗುವ ‘ಎಂದು’ವನ್ನು ಆರನೆಯ ಸಾಲಿಗೆ ಎತ್ತಿಡಿ. ಅದನ್ನು ನಾಲ್ಕನೆಯ ಸಾಲಿಗೆ ಖರ್ಚು ಮಾಡಿದರೆ ಕೊನೆಯಲ್ಲಿ ಕೈ ಬರಿದಾಗುತ್ತದೆ.

ಬರೆಯುವುದು

ಮೊದಲು ಬಾಲ. ಅತ್ತೆ ಹೇಳಿದ ಹೆಬ್ಬೆಟ್ಟು ಇಲ್ಲಿ ಬರಬೇಕೆಂದು ಇಬ್ಬರಿಗೂ ಅನ್ನಿಸಿತು. ಮೊಮ್ಮಗ ಬರೆದದ್ದು ‘ಕೊನೆಯಲ್ಲಿ ಹೆಬ್ಬೆಟ್ಟು’. ಕೊ1 ನೆ1 ಯ2. ಮೂರು ಮಾತ್ರೆಗೆ ಗಣ ಮುಗಿಯಬೇಕಾದ ಕಡೆ ಗುರುವೊಂದು ಅಡ್ಡ ಬಿದ್ದು ನಾಲ್ಕಾಯಿತು. ಗುರುವನ್ನು ಎರಡಾಗಿ ಸೀಳಿ ಅರ್ಧ ಈ ಗಣಕ್ಕೆ, ಅರ್ಧ ಮುಂದಿನದಕ್ಕೆ ಹಂಚಲು ಬರುವುದಿಲ್ಲ. ‘ಕೊನೆಯಲಿ’ ಎಂದು ಒತ್ತು ಬಿಟ್ಟರೂ ನಾಲ್ಕು. ‘ಕೊನೆಗೆ’ ಎಂದರೆ ಮೂರು:

ಕೊ1 ನೆ1 ಗೆ1 | ಹೆ2 ಬ್ಬೆ2 | ಟ್ಟು2

ಹೆಬ್ಬೆಟ್ಟು ಎಂಬ ಪದ ನಾಲ್ಕು ಮಾತ್ರೆಯ ಗಣವನ್ನು ತುಂಬಿ, ಕೊನೆಯ ಗುರುವಿನ ಮೇಲೆ ಅಚ್ಚೊತ್ತಿದ ಹಾಗೆ ನಿಲ್ಲುತ್ತದೆ. ಮೂರನೆಯ ಸಾಲು ಹೀಗಾಯಿತು: ‘ತಂದೆ ಬರೆಸಿದ ನಾಲ್ಕು ಸಾಲಿನ ಕೊನೆಗೆ ಹೆಬ್ಬೆಟ್ಟು’. ಕ್ರಿಯಾಪದ ಇಲ್ಲದಿದ್ದರೂ ಅರ್ಥ ನಿಂತಿತು.

ನಾಲ್ಕನೆಯ ಸಾಲಿಗೆ ಮೊಮ್ಮಗನ ಮೊದಲ ಪ್ರಯತ್ನ ಇದು: ‘ನೊಂದ ಕುಟುಂಬ ನೆನೆದು ಬರೆಸಿದ’. ಎಣಿಸಿದರೆ 3, 4, 3, 4, ಲೆಕ್ಕ ಸರಿಯಾಗಿದೆ. ಆದರೆ ಹಾಡಿ ನೋಡಿ, ‘ಕುಟುಂಬ’ದ ಹತ್ತಿರ ನಾಲಿಗೆ ಎಡವುತ್ತದೆ. ಲಘು, ಗುರು, ಲಘು ಎಂಬ ಈ ಜಗಣವನ್ನು ನಾಲ್ಕು ಮಾತ್ರೆಯ ಗಣವಾಗಿ ಷಟ್ಪದಿ ಒಪ್ಪುವುದಿಲ್ಲ. ಮೂರು ಮಾತ್ರೆಯ ಗಣದಲ್ಲಿಯೂ ಲಘುವಿನ ಮೇಲೆ ಗುರು ಬರಬಾರದು. ‘ನಗರ’ ಸರಿ, ‘ಊರು’ ಸರಿ, ‘ಸದಾ’ ಸಲ್ಲದು. ಬೆರಳ ಎಣಿಕೆ ಮಾತ್ರ ನಂಬಿದವರಿಗೆ ಈ ದೋಷ ಕಾಣದೇ ಹೋಗುತ್ತದೆ, ಗಟ್ಟಿಯಾಗಿ ಹೇಳಿದವರಿಗೆ ತಕ್ಷಣ ಕೇಳಿಸುತ್ತದೆ. ಅಲ್ಲದೆ ‘ನೊಂದ’ ಎಂದು ಹೇಳಿಬಿಡುವುದು ಅಜ್ಜನ ರೀತಿಯಲ್ಲ.

ಹಾಗಾದರೆ ಏನು ಹೇಳಬೇಕು? ಮೊದಲ ಪದ್ಯದಲ್ಲಿ ಹುಡುಗ ಇರುಳು ಓದು ಕಲಿತ. ಓದು ಬಾರದ ತಂದೆಯ ಕಾಗದ ಈಗ ಓದು ಕಲಿತ ಮಗನ ಕೈಗೆ ಬಂದಿದೆ. ಅಕ್ಷರ ಮಾಷ್ಟ್ರದ್ದು, ಮಾತು ಅಪ್ಪನದು. ‘ಬರೆಸಿದ’ ಎಂಬಲ್ಲಿ ಅಜ್ಜ ಶುರು ಮಾಡಿದ್ದ ಯೋಚನೆ ಇದೇ ಇರಬೇಕು ಎಂದು ನಾನು ನಂಬುತ್ತೇನೆ.

‘ಚಂದದ ಅಕ್ಷರ ಬೇರೆಯವರದು’ ಎಂದು ಬರೆದೆವು. ಚಂದ 3, ‘ದ ಅಕ್ಷರ’ ಐದಾಯಿತು. ಸಂಧಿ ಮಾಡಿ ‘ಚಂದದಕ್ಷರ’ ಎಂದರೆ:

ಚಂ2 ದ1 | ದ2 ಕ್ಷ1 ರ1 | ಬೇ2 ರೆ1 | ಯ1 ವ1 ರ1 ದು1

ಸರಿಯಾಗಿ 14. ಒಂದು ಮಾತ್ರೆ ಹೆಚ್ಚಾದಾಗ ಪದವನ್ನೇ ಎಸೆಯುವ ಮೊದಲು ಸಂಧಿ ಮಾಡಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಬಗೆಹರಿಯುತ್ತದೆ.

ಐದನೆಯ ಸಾಲು ಹೆಚ್ಚು ಹೊತ್ತು ತೆಗೆದುಕೊಂಡಿತು. ‘ಎಂದಿನಾ ದನಿ ಮಾತ್ರ ತಂದೆಯ’ ಎಂದು ಬರೆದು, ಆರನೆಯದನ್ನು ‘ದೆಂದು ತಿಳಿದವನು’ ಎಂದು ಶುರು ಮಾಡುವ ಒಂದು ದಾರಿ ಇತ್ತು. ಲೆಕ್ಕವೂ ಪ್ರಾಸವೂ ಸರಿ. ಆದರೆ ‘ತಂದೆಯದೆಂದು’ ಎಂಬ ಪದ ಸಾಲಿನ ತುದಿಯಲ್ಲಿ ಮುರಿಯುತ್ತದೆ, ಅಜ್ಜ ಹಾಗೆ ಮುರಿದವರಲ್ಲ. ಪಟ್ಟಿಗೆ ಮರಳಿದಾಗ ‘ಸಂದು’ ಕಣ್ಣಿಗೆ ಬಿತ್ತು:

ಸಂ2 ದಿ1 | ನ1 ಲಿ1 ದ1 ನಿ1 | ತಂ2 ದೆ1 | ಯ1 ದೆ1 ಸ1 ರಿ1

‘ಸಂದಿನಲಿ ದನಿ ತಂದೆಯದೆ ಸರಿ’. ಅಕ್ಷರ ಬೇರೆಯವರದು, ಅಕ್ಷರಗಳ ನಡುವಿನ ಸಂದಿನಲ್ಲಿ ಕೇಳುವ ದನಿ ತಂದೆಯದು. ಪ್ರಾಸ ಹುಡುಕುತ್ತ ಹೋದಾಗ ನಾವಾಗಿ ಯೋಚಿಸಿದ್ದಕ್ಕಿಂತ ಒಳ್ಳೆಯ ಮಾತು ಸಿಗುವುದು ಹೀಗೆ. ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಆರನೆಯ ಸಾಲಿಗೆ ‘ಎಂದು’ ಕಾದಿತ್ತು. ‘ಎಂದು ತಿಳಿದವನಿರುಳ ದೀಪದಿ ಮರಳಿ ಓದಿದನು’ ಎಂಬುದು ಮಾತ್ರೆಗೆ ಸರಿ. ಆದರೆ ‘ದೀಪದಿ’ ಎಂಬ ರೂಪ ಪುಟದಲ್ಲಿ ಎಲ್ಲೂ ಇಲ್ಲ. ಅವರದು ‘ದಡಕೆ’, ‘ನಗರಕೆ’. ‘ದೀಪಕೆ’ ಎಂದು ಮಾಡಿದರೆ ‘ಹಿಡಿದು’ ತಾನಾಗಿ ಹಿಂದೆ ಬಂತು. ಕಾಗದ ಮಳೆಗೆ ನೆನೆದದ್ದು ಎಂದು ಮೊದಲ ಸಾಲಿನಲ್ಲೇ ಇದೆಯಲ್ಲ, ಅದನ್ನು ದೀಪದ ಹತ್ತಿರ ಹಿಡಿಯುವುದು ಕಥೆಗೂ ಒಪ್ಪುತ್ತದೆ:

ಎಂ2 ದು1 | ತಿ1 ಳಿ1 ದ1 ವ1 | ನಿ1 ರು1 ಳ1 | ದೀ2 ಪ1 ಕೆ1 | ಹಿ1 ಡಿ1 ದು1 | ಓ2 ದಿ1 ದ1 | ನು2

23. ‘ಹಿಡಿದು ಓದಿದನು’ ಎಂಬಲ್ಲಿ ಸಂಧಿಯಾಗಿಲ್ಲ. ಅಜ್ಜನ ‘ದುಡಿದನು ಇರುಳೊಳು’ ಅದಕ್ಕೆ ಆಧಾರ. ‘ಓದಿದನು’ ಎಂಬ ಕ್ರಿಯಾಪದ ಮೊದಲ ಪದ್ಯದ ಬಾಲದಲ್ಲಿ ಒಮ್ಮೆ ಬಂದಿತ್ತು. ಪುನರುಕ್ತಿ ಎಂದು ತೆಗೆಯಬೇಕೇ ಎಂದು ಮೊಮ್ಮಗ ಕೇಳಿದರು. ಬೇಡ ಎಂದೆ. ಅಲ್ಲಿ ಕಲಿತ ಓದು ಇಲ್ಲಿ ಬಳಕೆಗೆ ಬಂದಿದೆ, ಅದೇ ಪದ ಬಂದರೇ ಚೆನ್ನ.

ಪೂರ್ತಿಯಾದ ಎರಡನೆಯ ಪದ್ಯ:

ಒಂದು ಸಂಜೆಯ ಮಳೆಗೆ ನೆನೆಯುತ
ಬಂದುದಂಚೆಯ ಪುಟ್ಟ ಕಾಗದ
ತಂದೆ ಬರೆಸಿದ ನಾಲ್ಕು ಸಾಲಿನ ಕೊನೆಗೆ ಹೆಬ್ಬೆಟ್ಟು
ಚಂದದಕ್ಷರ ಬೇರೆಯವರದು
ಸಂದಿನಲಿ ದನಿ ತಂದೆಯದೆ ಸರಿ
ಎಂದು ತಿಳಿದವನಿರುಳ ದೀಪಕೆ ಹಿಡಿದು ಓದಿದನು

ಒರೆಗೆ ಹಚ್ಚುವುದು

ಬರೆದವರೇ ಓದಿದರೆ ತಪ್ಪು ಕೇಳಿಸುವುದಿಲ್ಲ, ನಾಲಿಗೆ ಅಲ್ಲಲ್ಲಿ ಎಳೆದು ಸರಿ ಮಾಡಿಕೊಂಡುಬಿಡುತ್ತದೆ. ಪದ್ಯವನ್ನು ಎಲ್ಲಿ ಹಳತು ಮುಗಿಯಿತು, ಎಲ್ಲಿ ಹೊಸತು ಶುರುವಾಯಿತು ಎಂದು ಹೇಳದೆ ಬೇರೆಯವರ ಕೈಗೆ ಕೊಡಿ. ಗಮಕ ಬಲ್ಲವರು ಸಿಕ್ಕರೆ ಒಳ್ಳೆಯದು. ಮುಂಬಯಿಯಲ್ಲಿ ಯಕ್ಷಗಾನದ ತಾಳಮದ್ದಳೆ ನಡೆಯುವ ಕಡೆ ಹೋದರೆ ಭಾಮಿನಿಯನ್ನು ನೋಡಿದ ಕೂಡಲೇ ಹಾಡಬಲ್ಲ ಭಾಗವತರು ಇರುತ್ತಾರೆ. ಅವರು ಹಾಡುವಾಗ ನೀವು ನೋಡಬೇಕಾದ್ದು ಎರಡೇ. ಎಲ್ಲಾದರೂ ಅಕ್ಷರವನ್ನು ಬೇಡದ ಕಡೆ ಎಳೆದರೇ, ಇಲ್ಲವೇ ನುಂಗಿದರೇ? ಅಲ್ಲಿ ಗಣ ಕೆಟ್ಟಿದೆ. ಹಾಡಿ ಮುಗಿದ ಮೇಲೆ ಹೊಸತು ಎಲ್ಲಿಂದ ಶುರು ಎಂದು ಕೇಳಿ. ಸರಿಯಾದ ಜಾಗ ಬೆರಳಿಟ್ಟು ತೋರಿಸಿದರೆ ಅಲ್ಲಿ ಪದಗಳ ಹದ ಬೇರೆಯಾಗಿದೆ ಎಂದರ್ಥ. ಮಾತ್ರೆ ಸರಿಯಿದ್ದರೂ ಮತ್ತೊಮ್ಮೆ ಕೂರಬೇಕು.

ಮೂರನೆಯ ಪದ್ಯ ಬರೆಯಲೇ ಎಂದು ಮೊಮ್ಮಗನಿಗೆ ಆಸೆ ಇತ್ತು. ನನ್ನ ಅಭಿಪ್ರಾಯದಲ್ಲಿ ಶುರುವಾದ ಪದ್ಯವನ್ನು ಮುಗಿಸುವವರೆಗೆ ನಮಗೆ ಪುಟದ ಆಧಾರವಿದೆ: ಪ್ರಾಸ ಅವರದು, ಸಂಗತಿ ಅವರದು, ಬಾಕಿ ಮಾತ್ರೆಯ ಲೆಕ್ಕವೂ ಅವರದೇ. ಅದರಾಚೆಗೆ ಪ್ರಾಸವನ್ನೂ ಸಂಗತಿಯನ್ನೂ ನಾವೇ ಆಯಬೇಕಾಗುತ್ತದೆ. ಅದು ನಿಮ್ಮ ಸ್ವಂತ ಪದ್ಯ, ನಿಮ್ಮ ಹೆಸರಿನಲ್ಲೇ ಬರೆಯಿರಿ.

ಮೂಲ ನೋಟುಬುಕ್ಕಿನಲ್ಲಿ ಮಾತ್ರ ಏನನ್ನೂ ಬರೆಯಬೇಡಿ. ಬೇರೆ ಹಾಳೆಯಲ್ಲಿ ಪದ್ಯವನ್ನು ಪೂರ್ತಿ ಬರೆದು, ‘ಸಾಲಿನ’ ಎಂಬುದರ ಮುಂದೆ ಒಂದು ಅಡ್ಡಗೆರೆ ಹಾಕಿ, ಅಲ್ಲಿಂದ ಮುಂದೆ ಬರೆದವರ ಹೆಸರು ಮತ್ತು ತಾರೀಕು ಹಾಕಿ. ‘ಬರೆಸಿದ’ದ ‘ಸಿ’ ಊಹಿಸಿ ಓದಿದ್ದು ಎಂಬುದನ್ನೂ ಅಂಚಿನಲ್ಲಿ ಗುರುತಿಸಿ. ಆ ಹಾಳೆಯನ್ನು ಫೋಟೋಗಳ ಜೊತೆಗೇ ಇಡಿ.